ಮಂಚದ ಕೆಳಗಿನ ಬೆಕ್ಕು

ಹೋದ ತಿಂಗಳು ಒಂದು ಲಿಮರಿಕ್, ಅಂದರೆ ಒಂದು ಪುಟ್ಟ ತಮಾಷೆ ಪದ್ಯ, ಬರೆದೆ. ಒಂದು ಬೆಕ್ಕು, ಒಂದು ಇಲಿ, ಐದು ಸಾಲು. ಹತ್ತು ನಿಮಿಷ ಕೂಡ ಹಿಡಿಯಲಿಲ್ಲ. ಬರೆದ ಖುಷಿಯಲ್ಲೇ ಗೆಳತಿಗೆ ಫೋನ್ ಮಾಡಿ ಓದಿದೆ. ಓದಿ ಮುಗಿಸಿ ಸುಮ್ಮನಾದೆ. ಆ ಕಡೆಯಿಂದಲೂ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಮುಗೀತಾ?"

ಬೇಸರ ಮಾಡಬೇಕು ಅಂತ ಅವಳು ಹಾಗೆ ಕೇಳಲಿಲ್ಲ. ನಿಜವಾಗಿಯೂ ಅವಳಿಗೆ ಗೊತ್ತಾಗಿರಲಿಲ್ಲ. ಆರನೇ ಸಾಲು ಇನ್ನೂ ಬರಬಹುದು ಅಂತ ಕಾಯುತ್ತಿದ್ದಳು. ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿದುಬಿಟ್ಟಿತು. ಲಿಮರಿಕ್ ಮುಗಿದದ್ದು ಕಿವಿಗೆ ತಾನಾಗಿ ಗೊತ್ತಾಗಬೇಕು. ಐದನೇ ಸಾಲಿನ ಕೊನೆಯ ಪದ ಬಿದ್ದ ಕೂಡಲೇ ಬಾಗಿಲು ಮುಚ್ಚಿದ ಸದ್ದು ಕೇಳಿದ ಹಾಗಿರಬೇಕು. ನನ್ನದರಲ್ಲಿ ಬಾಗಿಲು ಅರ್ಧ ತೆರೆದೇ ಇತ್ತು. ಯಾಕೆ ಅಂತ ಹುಡುಕುತ್ತಾ ಒಂದು ವಾರ ಅದೇ ಐದು ಸಾಲುಗಳ ಜೊತೆ ಕಳೆದೆ. ಆ ವಾರ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಪದ್ಯ, ಅವಳಿಗೆ ಓದಿದ್ದು ಹೇಗೋ ಹಾಗೇ:

ಮಂಚದ ಕೆಳಗಡೆ ಒಂದು ಕಪ್ಪು ಬೆಕ್ಕು
ಅದಕ್ಕೆ ತುಂಬಾ ಇತ್ತು ಸೊಕ್ಕು
ಇಲಿಯನ್ನು ನೋಡಿತು
ಹೆದರಿ ಓಡಿತು
ಅಟ್ಟದ ಮೇಲೆ ಹೋಗಿ ಹೊಕ್ಕು

ಪ್ರಾಸದ ಲೆಕ್ಕದಲ್ಲಿ ಇದರಲ್ಲಿ ತಪ್ಪಿಲ್ಲ. ಲಿಮರಿಕ್ಕಿನಲ್ಲಿ ಒಂದು, ಎರಡು ಮತ್ತು ಐದನೇ ಸಾಲುಗಳಿಗೆ ಒಂದು ಪ್ರಾಸ. ಮೂರು ಮತ್ತು ನಾಲ್ಕನೇ ಸಾಲುಗಳಿಗೆ ಇನ್ನೊಂದು. ಅ ಅ ಬ ಬ ಅ ಅಂತ ಗುರುತು ಹಾಕಿಕೊಳ್ಳಬಹುದು. ಬೆಕ್ಕು, ಸೊಕ್ಕು, ಹೊಕ್ಕು ಒಂದು ಕಡೆ. ನೋಡಿತು, ಓಡಿತು ಇನ್ನೊಂದು ಕಡೆ. ಎಲ್ಲವೂ ಅದರದರ ಜಾಗದಲ್ಲೇ ಇದೆ. ಲಿಮರಿಕ್ ಬರೆಯುವುದು ಹೇಗೆ ಅಂತ ಕೇಳಿದರೆ ಜಾಸ್ತಿ ಜನ ಇಷ್ಟನ್ನೇ ಹೇಳುತ್ತಾರೆ. ನಾನೂ ಇಷ್ಟನ್ನೇ ನಂಬಿಕೊಂಡಿದ್ದೆ.

ಆದರೆ ಈ ಪದ್ಯವನ್ನು ಚಪ್ಪಾಳೆ ತಟ್ಟುತ್ತಾ ಓದಿ ನೋಡಿ. ಕೈ ಎಲ್ಲಿ ಬೀಳಬೇಕು ಅಂತಲೇ ತಿಳಿಯುವುದಿಲ್ಲ. ಮೊದಲ ಸಾಲು ಎಳೆದುಕೊಂಡು ಹೋಗುತ್ತದೆ, ಎರಡನೆಯದು ಎಡವುತ್ತದೆ, ಕೊನೆಯದು ನಡೆಯುತ್ತಾ ನಡೆಯುತ್ತಾ ದಾರಿಯಲ್ಲೇ ನಿಂತುಬಿಡುತ್ತದೆ.

ಲಿಮರಿಕ್ ಇಂಗ್ಲಿಷಿನಿಂದ ಬಂದ ರೂಪ. ಹೆಸರು ಐರ್ಲೆಂಡಿನ ಒಂದು ಊರಿನದು. ಇದನ್ನು ಮನೆಮನೆಗೆ ತಲುಪಿಸಿದವರು ಎಡ್ವರ್ಡ್ ಲಿಯರ್. 1846ರಲ್ಲಿ ಅವರ ಪುಸ್ತಕ ಬಂತು, ಆದರೆ ಅವರು ಈ ಪದ್ಯಗಳನ್ನು ಲಿಮರಿಕ್ ಅಂತ ಕರೆಯಲಿಲ್ಲ. ಆ ಹೆಸರು ಅಂಟಿಕೊಂಡದ್ದು ಆಮೇಲೆ. ಇಂಗ್ಲಿಷಿನಲ್ಲಿ ಇದರ ಸಾಲುಗಳನ್ನು ಪೆಟ್ಟುಗಳಲ್ಲಿ ಎಣಿಸುತ್ತಾರೆ. ಪೆಟ್ಟು ಅಂದರೆ ಒತ್ತಿ ಹೇಳುವ ಅಕ್ಷರ. ಉದ್ದದ ಸಾಲಿಗೆ ಮೂರು ಪೆಟ್ಟು, ಗಿಡ್ಡ ಸಾಲಿಗೆ ಎರಡು. ಐದು ಸಾಲಿಗೆ ಮೂರು, ಮೂರು, ಎರಡು, ಎರಡು, ಮೂರು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಎರಡು ಹಗುರ ಅಕ್ಷರ ಬರುತ್ತವೆ. ಬಾಯಲ್ಲಿ ಹೇಳುವುದಾದರೆ:

ತ ಧೀಂ ತತ ಧೀಂ ತತ ಧೀಂ
ತ ಧೀಂ ತತ ಧೀಂ ತತ ಧೀಂ
ತ ಧೀಂ ತತ ಧೀಂ
ತ ಧೀಂ ತತ ಧೀಂ
ತ ಧೀಂ ತತ ಧೀಂ ತತ ಧೀಂ

ಇದನ್ನು ನಾಲ್ಕೈದು ಸಲ ಜೋರಾಗಿ ಹೇಳಿದರೆ ಒಂದು ವಿಷಯ ತಾನಾಗಿ ಕಾಣುತ್ತದೆ. ಉದ್ದದ ಸಾಲು ಮುಗಿದ ತಕ್ಷಣ ಮುಂದಿನ ಸಾಲಿಗೆ ಹಾರಲು ಆಗುವುದಿಲ್ಲ. ಬಾಯಿ ಒಂದು ಪೆಟ್ಟಿನಷ್ಟು ಹೊತ್ತು ತಡೆಯುತ್ತದೆ. ಗಿಡ್ಡ ಸಾಲುಗಳಲ್ಲಿ ಹಾಗೆ ತಡೆಯುವುದಿಲ್ಲ, ಮೂರನೆಯದು ನಾಲ್ಕನೆಯದರೊಳಗೆ ಓಡಿಹೋಗುತ್ತದೆ. ಅಂದರೆ ಉದ್ದದ ಸಾಲಿನಲ್ಲಿ ಇರುವುದು ಮೂರಲ್ಲ, ನಾಲ್ಕು ಪೆಟ್ಟು. ನಾಲ್ಕನೆಯದು ಮೌನ. ಮೂರನೇ ಮತ್ತು ನಾಲ್ಕನೇ ಸಾಲುಗಳು ಸೇರಿದರೆ ಅಲ್ಲೂ ನಾಲ್ಕು ಪೆಟ್ಟು, ಅಲ್ಲಿ ಮಾತ್ರ ಮೌನವಿಲ್ಲ.

ಹೀಗೆ ನೋಡಿದರೆ ಲಿಮರಿಕ್ ನಾಲ್ಕು ನಾಲ್ಕು ಪೆಟ್ಟಿನ ನಾಲ್ಕು ಸಾಲು. ನಮ್ಮ ಚುಟುಕದ ಅಳತೆಗೆ ಹತ್ತಿರವೇ ಬರುತ್ತದೆ. ಮೂರನೆಯದನ್ನು ಎರಡಾಗಿ ಮುರಿದು, ಮುರಿದ ಎರಡೂ ತುದಿಗೆ ಪ್ರಾಸ ಕೊಟ್ಟಿದ್ದಾರೆ, ಅಷ್ಟೇ. ಹಳೆಯ ಪುಸ್ತಕಗಳಲ್ಲಿ ಮೂರನೇ ಮತ್ತು ನಾಲ್ಕನೇ ಸಾಲನ್ನು ಒಂದೇ ಸಾಲಾಗಿ ಅಚ್ಚು ಹಾಕಿರುವುದನ್ನು ನೋಡಿ ಮೊದಲು ನನಗೆ ಗಲಿಬಿಲಿಯಾಗಿತ್ತು. ಈಗ ಅದು ಸರಿಯಾಗಿಯೇ ಕಾಣುತ್ತದೆ.

ನನ್ನ ಪದ್ಯದಲ್ಲಿ ಈ ಮೌನಕ್ಕೆ ಜಾಗವೇ ಇರಲಿಲ್ಲ. "ಮಂಚದ ಕೆಳಗಡೆ ಒಂದು ಕಪ್ಪು ಬೆಕ್ಕು" ಅನ್ನುವಷ್ಟರಲ್ಲಿ ನಾಲ್ಕನೇ ಪೆಟ್ಟಿನ ಜಾಗವನ್ನೂ ತುಂಬಿ ಆಚೆಗೆ ಹರಿದಿದ್ದೆ. ಉಸಿರಿಗೂ ಬಿಡುವಿಲ್ಲ, ಕೇಳುವವರಿಗೆ ಪ್ರಾಸವನ್ನು ಹಿಡಿದಿಟ್ಟುಕೊಳ್ಳಲು ಸಮಯವೂ ಇಲ್ಲ.

ಇಲ್ಲಿ ಒಂದು ತೊಡಕು ಬರುತ್ತದೆ. ಇಂಗ್ಲಿಷಿನಲ್ಲಿ ಪ್ರತಿ ಪದಕ್ಕೂ ಒತ್ತಿ ಹೇಳುವ ಜಾಗ ಒಂದು ಇರುತ್ತದೆ, ಅದನ್ನು ಬದಲಿಸಿದರೆ ಪದವೇ ವಿಚಿತ್ರವಾಗಿ ಕೇಳುತ್ತದೆ. ಕನ್ನಡದಲ್ಲಿ ಅಂಥ ಒತ್ತು ಇಲ್ಲ. ಪದದ ಮೊದಲಕ್ಷರದ ಮೇಲೆ ಸಣ್ಣದೊಂದು ಭಾರ ಬೀಳುತ್ತದೆ, ಅಷ್ಟೇ. ನಮ್ಮ ಕಿವಿ ಕೇಳಿಸಿಕೊಳ್ಳುವುದು ಅಕ್ಷರಕ್ಕೆ ಹಿಡಿಯುವ ಕಾಲವನ್ನು, ಅಂದರೆ ಮಾತ್ರೆಯನ್ನು. ಹಾಗಾಗಿ ಪೆಟ್ಟನ್ನು ಗಣ, ಅಂದರೆ ಮಾತ್ರೆಗಳ ಒಂದು ಗುಂಪು, ಮಾಡಿಕೊಳ್ಳಬೇಕು. ಮೂರು ಪೆಟ್ಟಿನ ಸಾಲು ಅಂದರೆ ಮೂರು ಗಣದ ಸಾಲು, ಎರಡು ಪೆಟ್ಟಿನದು ಎರಡು ಗಣದ ಸಾಲು.

ಮಾತ್ರೆ ಎಣಿಸುವುದು ಶಾಲೆಯಲ್ಲಿ ಕಲಿತು ಮರೆತವರಿಗೆ ಎರಡೇ ಮಾತು ಸಾಕು. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ ಅಕ್ಷರ ಗುರು, ಎರಡು ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರವೂ, ಸೊನ್ನೆ ಇರುವ ಅಕ್ಷರವೂ ಗುರುವೇ. "ಮಂಚದ" ಅಂದರೆ ಎರಡು, ಒಂದು, ಒಂದು, ಒಟ್ಟು ನಾಲ್ಕು. "ಬೆಕ್ಕು" ಅಂದರೆ ಎರಡು, ಒಂದು, ಒಟ್ಟು ಮೂರು.

ಈ ಲೆಕ್ಕದಲ್ಲಿ ನನ್ನ ಪದ್ಯದ ಐದು ಸಾಲುಗಳಿಗೆ ಬಂದ ಮಾತ್ರೆಗಳು: 17, 14, 9, 7, 13. ಇದನ್ನು ಕಾಗದದ ಮೇಲೆ ಬರೆದುಕೊಂಡಾಗ ಅವಳು "ಮುಗೀತಾ?" ಅಂತ ಕೇಳಿದ್ದರಲ್ಲಿ ಆಶ್ಚರ್ಯವೇ ಇಲ್ಲ ಅನಿಸಿತು. ಒಂದೊಂದು ಸಾಲು ಒಂದೊಂದು ಉದ್ದ. ಕಿವಿ ಯಾವ ಅಳತೆಯನ್ನು ನಂಬಿ ಕಾಯಬೇಕು?

ಹಾಗಾದರೆ ಗಣ ಎಷ್ಟು ಮಾತ್ರೆಯದಾಗಿರಬೇಕು? ನಾನು ಮೊದಲು ಮೂರು ಮಾತ್ರೆಯಲ್ಲಿ ಪ್ರಯತ್ನ ಮಾಡಿದೆ. ಇಂಗ್ಲಿಷ್ ಲಿಮರಿಕ್ಕಿನ ಕುಣಿತ ಕಿವಿಗೆ ತಕಿಟ ತಕಿಟ ಅಂತಲೇ ಕೇಳುತ್ತದೆ, ಹಾಗಾಗಿ ನಡಿಗೆಯಲ್ಲಿ ಮೂರೇ ಹತ್ತಿರ. ಆದರೆ ಮೂರು ಮಾತ್ರೆಯ ಮೂರು ಗಣ ಅಂದರೆ ಇಡೀ ಸಾಲಿಗೆ ಒಂಬತ್ತು ಮಾತ್ರೆ. "ಮೂಲೆಯಲ್ಲಿ ಬೆಕ್ಕು" ಅಂದರೆ ಸಾಲು ಮುಗಿದೇ ಹೋಯಿತು. ಕನ್ನಡದ ಪದಗಳು ಪ್ರತ್ಯಯ ಹೊತ್ತುಕೊಂಡು ಓಡಾಡುತ್ತವೆ. ಅವಕ್ಕೆ ಒಂಬತ್ತು ಮಾತ್ರೆಯ ಸಾಲು ಬಿಗಿಯಾದ ಅಂಗಿಯ ಹಾಗೆ. ಗಿಡ್ಡ ಸಾಲಿಗಂತೂ ಆರೇ ಮಾತ್ರೆ, ಅಲ್ಲಿ ಕಥೆ ಹೇಳಲು ಜಾಗವಿಲ್ಲ.

ನಾಲ್ಕು ಮಾತ್ರೆಯಲ್ಲಿ ಎಲ್ಲ ಸರಿಹೋಯಿತು. ಉದ್ದದ ಸಾಲಿಗೆ ನಾಲ್ಕು, ನಾಲ್ಕು, ಮೂರು. ಕೊನೆಯ ಗಣದಲ್ಲಿ ಒಂದು ಮಾತ್ರೆ ಕಡಿಮೆ ಇಟ್ಟರೆ ಸಾಲಿನ ತುದಿಯಲ್ಲಿ ಉಸಿರು ಎಳೆದುಕೊಳ್ಳಲು ಅನುಕೂಲ. ಗಿಡ್ಡ ಸಾಲಿಗೆ ನಾಲ್ಕು, ಮೂರು. ಇಂಗ್ಲಿಷಿನ ತತಧೀಂ ನಮ್ಮಲ್ಲಿ ಎರಡು ಲಘು, ಒಂದು ಗುರು ಆಗುತ್ತದೆ, ಅದೂ ನಾಲ್ಕೇ ಮಾತ್ರೆ. ಐದು ಮಾತ್ರೆಯಲ್ಲೂ ಬರೆಯಬಹುದು, ಅದರ ನಡಿಗೆ ಸ್ವಲ್ಪ ತೂಗಾಡುತ್ತದೆ. ನನಗೆ ತಮಾಷೆಗೆ ನಾಲ್ಕೇ ಇಷ್ಟ. ಅದಕ್ಕೆ ಓಟ ಇದೆ.

ಈಗ ರಿಪೇರಿ ಶುರು. ಮೊದಲ ಸಾಲು ಸುಲಭ. "ಒಂದು" ಬೇಡ, "ಕಪ್ಪು" ಬೇಡ. ಬೆಕ್ಕಿನ ಬಣ್ಣದಿಂದ ಕಥೆಗೆ ಏನೂ ಆಗಬೇಕಿಲ್ಲ, ಸುಮ್ನೆ ಸಾಲು ತುಂಬಲು ಹಾಕಿದ್ದೆ. ಉಳಿದದ್ದು: "ಮಂಚದ | ಕೆಳಗಿನ | ಬೆಕ್ಕು". ನಾಲ್ಕು, ನಾಲ್ಕು, ಮೂರು. ಓದಿದರೆ ನಾಲಿಗೆ ಎಲ್ಲೂ ತಡೆಯುವುದಿಲ್ಲ. ಕೊನೆಗೊಂದು ಪೆಟ್ಟಿನ ಬಿಡುವೂ ಸಿಗುತ್ತದೆ.

ಎರಡನೇ ಸಾಲು ಕಷ್ಟ ಕೊಟ್ಟಿತು. "ಅದಕ್ಕೆ ತುಂಬಾ ಸೊಕ್ಕು" ಅಂತ ಇಳಿಸಿದೆ. ಲೆಕ್ಕ ಹಾಕಿದರೆ ನಾಲ್ಕು, ನಾಲ್ಕು, ಮೂರು, ಸರಿಯಾಗಿದೆ. ಆದರೂ ಓದುವಾಗ ಮೊದಲ ಹೆಜ್ಜೆಯಲ್ಲೇ ಕಾಲು ಜಾರಿದ ಹಾಗೆ. ಕಾರಣ "ಅದಕ್ಕೆ". ಅದು ಲಘು, ಗುರು, ಲಘು. ಗಣ ಶುರುವಾಗುವ ಕಡೆ ಪೆಟ್ಟು ಬೀಳಬೇಕು, ಆದರೆ ಅಲ್ಲಿ ಹಗುರವಾದ "ಅ" ಇದೆ. ಭಾರವಾದ "ದಕ್" ಅದರ ಹಿಂದೆ ನಿಂತು ಪೆಟ್ಟನ್ನು ತನ್ನ ಕಡೆ ಎಳೆಯುತ್ತದೆ. ನಮ್ಮ ಷಟ್ಪದಿಗಳಲ್ಲಿ ಲಘುವಿನ ಮೇಲೆ ಗುರು ಬರುವ ಹಾಗೆ ಗಣ ಶುರು ಮಾಡಬಾರದು ಅಂತ ನಿಯಮ ಇದೆ. ಓದುವ ಕಾಲದಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ಕಿವಿಯ ಮಾತು ಅಂತ ಗೊತ್ತಾದದ್ದು ಈ ಬೆಕ್ಕಿನಿಂದ. ಬರುತ್ತೆ, ಇದೊಂದು, ಎಲ್ಲಿಂದಲೋ ತಂದು ಹಾಕುವ "ಅದಕ್ಕೆ", ಇಂಥವನ್ನು ಗಣದ ತಲೆಯಲ್ಲಿ ಕೂರಿಸಬಾರದು.

ಅದಲ್ಲದೆ "ತುಂಬಾ ಸೊಕ್ಕು" ಅಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಸೊಕ್ಕಿನ ಬೆಕ್ಕು ತನ್ನನ್ನು ಏನಂದುಕೊಂಡಿರುತ್ತದೆ? ಹುಲಿ ಅಂದುಕೊಂಡಿರುತ್ತದೆ. ಹಾಗಾಗಿ "ತಾನೇ ಹುಲಿ ಅನ್ನೋ ಸೊಕ್ಕು" ಅಂತ ಬರೆದೆ. ಮಾತಿನ ಹಾಗೆಯೇ ಇದೆ, ಚೆನ್ನಾಗಿದೆ ಅಂದುಕೊಂಡೆ. ಚಪ್ಪಾಳೆ ತಟ್ಟಿದಾಗ ಮತ್ತೆ ಎಡವಿತು. "ತಾನೇ" ಒಂದು ಗಣ. "ಹುಲಿ ಅನ್" ಅನ್ನುವಲ್ಲಿಗೆ ಎರಡನೇ ಗಣ ಮುಗಿಯುತ್ತದೆ. ಮೂರನೇ ಪೆಟ್ಟು ಬೀಳುವುದು "ನ್ನೋ" ಮೇಲೆ. "ಸೊಕ್ಕು" ಆ ಪೆಟ್ಟಿನ ಹಿಂದೆ ಓಡಿಬಂದು ಸೇರಿಕೊಳ್ಳುತ್ತದೆ. ಇದು ಬಹಳ ಮುಖ್ಯವಾದ ತಪ್ಪು ಅಂತ ನನಗೆ ಅನಿಸುತ್ತದೆ, ಯಾಕೆಂದರೆ ಒಟ್ಟು ಮಾತ್ರೆ ಎಣಿಸಿದರೆ ಇದು ಸುಲಭವಾಗಿ ಸಿಗುವುದಿಲ್ಲ. ಒಂದೆರಡು ಮಾತ್ರೆ ಹೆಚ್ಚು ಕಡಿಮೆ ಆದರೂ ಓದುವವರು ಎಳೆದು ಸರಿ ಮಾಡಿಕೊಳ್ಳುತ್ತಾರೆ. ಆದರೆ ಪ್ರಾಸದ ಪದ ಪೆಟ್ಟಿನ ಮೇಲೆಯೇ ಕೂರಬೇಕು. "ಬೆಕ್" ಎಲ್ಲಿ ಬಿತ್ತೋ "ಸೊಕ್" ಕೂಡ ಅಲ್ಲೇ ಬೀಳಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣುವ ಪ್ರಾಸ ಕಿವಿಗೆ ಕೇಳುವುದಿಲ್ಲ.

ಕೊನೆಗೆ ನಿಂತದ್ದು: "ಹುಲಿ ತಾ | ನೆನ್ನುವ | ಸೊಕ್ಕು". ಇಲ್ಲಿ "ತಾನೆನ್ನುವ" ಅನ್ನುವ ಪದ ಎರಡು ಗಣಕ್ಕೆ ಹಂಚಿಹೋಗಿದೆ. ಅದು ತೊಂದರೆಯಲ್ಲ, ಎರಡನೇ ಪೆಟ್ಟು ಬೀಳುವ "ನೆನ್" ಗುರುವಾದ್ದರಿಂದ ಭಾರ ತಡೆಯುತ್ತದೆ. ಎಲ್ಲ ಪದವೂ ಗಣದ ಗೋಡೆಗೆ ಸರಿಯಾಗಿ ಬಂದು ನಿಂತರೆ ಮಗ್ಗಿ ಹೇಳಿದ ಹಾಗೆ ಆಗಿಬಿಡುತ್ತದೆ. ಅಲ್ಲೊಂದು ಇಲ್ಲೊಂದು ಗೋಡೆ ಹಾರುವುದು ಒಳ್ಳೆಯದೇ. ಮೊದಲೆರಡು ಸಾಲಿಗೆ ಕ್ರಿಯಾಪದವೇ ಇಲ್ಲ, ಅದನ್ನೂ ಗಮನಿಸಿ. ಕನ್ನಡ ಅದನ್ನು ಸಲೀಸಾಗಿ ಒಪ್ಪುತ್ತದೆ. ಹಾಗೆ ಉಳಿಸಿದ ಮಾತ್ರೆಗಳು ಬೇರೆ ಕಡೆ ಕೆಲಸಕ್ಕೆ ಬರುತ್ತವೆ.

ಪ್ರಾಸದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಅಂತ್ಯಪ್ರಾಸ ಅತಿ ಸುಲಭ, ಅದೇ ಕಷ್ಟ. ಬಂದನು, ಹೋದನು, ಕೂತನು, ಎಲ್ಲವೂ "ನು" ಅಂತ ಮುಗಿಯುತ್ತವೆ. ಮನೆಯಲ್ಲಿ, ಮರದಲ್ಲಿ, ದಾರಿಯಲ್ಲಿ, ಎಲ್ಲವೂ "ಅಲ್ಲಿ". ಇವು ಪ್ರಾಸ ಅಲ್ಲ, ವ್ಯಾಕರಣ. ಪ್ರತ್ಯಯ ಒಂದೇ ಆಗಿದ್ದರೆ ಕಿವಿಗೆ ಅಚ್ಚರಿಯಾಗುವುದಿಲ್ಲ, ಅಚ್ಚರಿ ಇಲ್ಲದಿದ್ದರೆ ನಗುವೂ ಬರುವುದಿಲ್ಲ. ಪ್ರತ್ಯಯ ಕಿತ್ತುಹಾಕಿದ ಮೇಲೂ ಪ್ರಾಸ ಉಳಿಯುತ್ತದಾ ಅಂತ ನೋಡಬೇಕು. "ನೋಡಿತು, ಓಡಿತು" ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ನೋಡು ಮತ್ತು ಓಡು ಉಳಿಯುತ್ತವೆ. "ನೋಡಿತು, ಹಾರಿತು" ಪಾಸಾಗುವುದಿಲ್ಲ.

ನಮ್ಮ ಹಳೆಯ ಕವಿಗಳು ಸಾಲಿನ ಶುರುವಿನಲ್ಲಿ, ಎರಡನೇ ಅಕ್ಷರಕ್ಕೆ ಪ್ರಾಸ ಇಡುತ್ತಿದ್ದರು. ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಸ್ವರ ಏನಾದರೂ ಆಗಬಹುದು, ಅದರ ಹಿಂದಿನ ಅಕ್ಷರ ಗುರುವಾದರೆ ಎಲ್ಲ ಸಾಲಲ್ಲೂ ಗುರುವೇ ಆಗಬೇಕು. ಆ ಅಭ್ಯಾಸ ನಮ್ಮ ಕಿವಿಯಲ್ಲಿ ಇನ್ನೂ ಇದೆ ಅಂತ ನನ್ನ ನಂಬಿಕೆ. "ಬೆಕ್ಕು, ಸೊಕ್ಕು, ದಿಕ್ಕು" ನೋಡಿ. ಮೊದಲ ಅಕ್ಷರಗಳ ಸ್ವರ ಎ, ಒ, ಇ, ಮೂರೂ ಬೇರೆ. ಇಂಗ್ಲಿಷ್ ಕಿವಿಗೆ ಇದು ಅರ್ಧ ಪ್ರಾಸ ಅನಿಸಬಹುದು. ನಮಗೆ ಇದು ತುಂಬು ಪ್ರಾಸ. ಆ ಕಾಲದವರು ಇಂಥ ಪ್ರಾಸಗಳಿಗೆ ಪ್ರಾಣಿಗಳ ಹೆಸರು ಇಟ್ಟಿದ್ದಾರೆ. ಒತ್ತಕ್ಷರ ಇಮ್ಮಡಿಯಾಗಿದ್ದರೆ ಹಯ, ಅಂದರೆ ಕುದುರೆ. ಸೊನ್ನೆ ಹಿಂದೆ ಬಂದರೆ ವೃಷಭ, ಎತ್ತು. ಬೆಕ್ಕಿನ ಪದ್ಯದ ಉದ್ದ ಸಾಲುಗಳಲ್ಲಿ ಕುದುರೆ ಓಡುತ್ತಿದೆ ಅಂತ ಗೊತ್ತಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಗಿಡ್ಡ ಸಾಲುಗಳಲ್ಲಿ ಎತ್ತು ಬರಲಿದೆ, ನೋಡಿ.

ಮೂರನೇ ಮತ್ತು ನಾಲ್ಕನೇ ಸಾಲಿಗೆ ಬರೋಣ. ಮೊದಲ ಕರಡಿನಲ್ಲಿ ಬೆಕ್ಕು ಇಲಿಯನ್ನು ನೋಡಿ ಹೆದರಿ ಓಡುತ್ತದೆ. ಅಂದರೆ ತಮಾಷೆ ನಾಲ್ಕನೇ ಸಾಲಿಗೇ ಮುಗಿದುಹೋಯಿತು! ಐದನೇ ಸಾಲಿಗೆ ಉಳಿದದ್ದು ಅದು ಎಲ್ಲಿಗೆ ಓಡಿತು ಅನ್ನುವ ವಿವರ ಮಾತ್ರ. ಗಿಡ್ಡ ಸಾಲುಗಳ ಕೆಲಸ ಗುಟ್ಟು ಬಿಡುವುದಲ್ಲ. ಅವಕ್ಕೆ ಕೊನೆಯಲ್ಲಿ ಬಿಡುವಿಲ್ಲ, ಅವು ಓಡುತ್ತವೆ. ಆ ಓಟದಲ್ಲಿ ಏನೋ ಆಗುತ್ತಿದೆ ಅಂತ ಗೊತ್ತಾಗಬೇಕು, ಏನಾಯಿತು ಅಂತ ಗೊತ್ತಾಗಬಾರದು.

ಹಾಗಾಗಿ "ಇಲಿಮರಿ ಬಂತು, ಎದುರಲ್ಲಿ ನಿಂತು" ಅಂತ ಬರೆದೆ. "ಎದುರಲ್ಲಿ" ಅಂದರೆ ಐದು ಮಾತ್ರೆ. "ಎದುರಲಿ" ಅಂತ ಒತ್ತು ಬಿಟ್ಟರೆ ನಾಲ್ಕಾಗುತ್ತದೆ. ಕವಿತೆಯಲ್ಲಿ ಹಾಗೆ ಮಾಡುತ್ತಾರೆ, ತಪ್ಪಲ್ಲ. ಆದರೆ ಲಿಮರಿಕ್ ಮಾತಿನ ಹತ್ತಿರ ಇರಬೇಕು. "ಎದುರಿಗೆ" ಅಂದರೂ ನಾಲ್ಕೇ ಮಾತ್ರೆ, ಯಾರೂ ಏನೂ ಬಿಟ್ಟುಕೊಡಬೇಕಿಲ್ಲ. ಮಾತ್ರೆ ಕಡಿಮೆ ಮಾಡಲು ಪದವನ್ನು ಕತ್ತರಿಸುವ ಮೊದಲು ಅದೇ ಅರ್ಥದ ಇನ್ನೊಂದು ರೂಪ ಹುಡುಕುವುದು ಒಳ್ಳೆಯದು. ನೂರಕ್ಕೆ ತೊಂಬತ್ತು ಸಲ ಅಂತ ಹೇಳಲಾರೆ, ಆದರೆ ನನಗೆ ಬಹಳ ಸಲ ಸಿಕ್ಕಿದೆ.

"ನಿಂತು" ಮಾತ್ರ ಕಾಡುತ್ತಲೇ ಇತ್ತು. "ಬಂತು" ಅಂದರೆ ವಾಕ್ಯ ಮುಗಿಯುತ್ತದೆ, "ನಿಂತು" ಅಂದರೆ ಮುಗಿಯುವುದಿಲ್ಲ. ನಿಂತು ಏನು ಮಾಡಿತು ಅಂತ ಕೇಳುವ ಹಾಗಿದೆ. ಮೊದಲ ಕರಡಿನ "ಹೊಕ್ಕು" ಕೂಡ ಇದೇ ಜಾತಿ. "ಅಟ್ಟದ ಮೇಲೆ ಹೋಗಿ ಹೊಕ್ಕು" ಅಂದರೆ ಹೊಕ್ಕು ಏನಾಯಿತು? ಗೆಳತಿ ಕಾಯುತ್ತಿದ್ದದ್ದು ಇದಕ್ಕೇ! ಪ್ರಾಸ ಸಿಕ್ಕಿದ ಖುಷಿಯಲ್ಲಿ ವಾಕ್ಯ ಮುಗಿಸುವುದನ್ನೇ ಮರೆತಿದ್ದೆ. ಪ್ರಾಸದ ಪಟ್ಟಿ ಮಾಡುವಾಗ ನಾನೀಗ ಇದನ್ನು ಗುರುತು ಹಾಕಿಕೊಳ್ಳುತ್ತೇನೆ. ಸೊಕ್ಕು, ದಿಕ್ಕು, ಹಕ್ಕು, ಉಕ್ಕು ನಾಮಪದವಾಗಿ ನಿಲ್ಲುತ್ತವೆ. ಹೊಕ್ಕು, ನೆಕ್ಕಿ, ಬಿಕ್ಕಿ ಮುಂದಕ್ಕೆ ವಾಲುತ್ತವೆ. ವಾಲುವ ಪದ ನಡುವಿನ ಸಾಲಿಗೆ ಆಗುತ್ತದೆ, ಐದನೆಯದಕ್ಕೆ ಬೇಡ.

ನಡುವೆ ಒಂದು ದಿನ ಏನೂ ಹೊಳೆಯಲಿಲ್ಲ. ಇಲಿಮರಿ ಬಂದು ಸುಮ್ನೆ ನಿಲ್ಲುವ ಬದಲು ಏನಾದರೂ ಮಾತಾಡಿದರೆ? "ಬಂತು" ಪಕ್ಕದಲ್ಲೇ "ಅಂತು" ಇತ್ತು, ನಾವು ದಿನಾ ಆಡುವ ಮಾತು. ಇಲಿಮರಿ ಏನಂತು? ಮಂಚದ ಕೆಳಗೆ ಕತ್ತಲಲ್ಲಿ ಯಾರೋ ಇದ್ದಾರೆ ಅಂತ ಅನಿಸಿದರೆ ಯಾರಾದರೂ ಕೇಳುವುದು "ಯಾರದು?" ಅಂತ. ನಾಲ್ಕು ಮಾತ್ರೆ. ಅದು ತಾನಾಗಿ ಬಂದು ಗಣದಲ್ಲಿ ಕೂತುಕೊಂಡಿತು. ಎತ್ತೂ ಬಂತು.

ಐದನೇ ಸಾಲಿನ ಬಗ್ಗೆ ಎರಡು ದಾರಿ ಇವೆ. ಲಿಯರ್ ಜಾಸ್ತಿ ಕಡೆ ಮೊದಲ ಸಾಲಿನ ಕೊನೆಯ ಪದವನ್ನೇ ಐದನೆಯದರಲ್ಲೂ ತಂದು ಮುಗಿಸುತ್ತಾರೆ. ಹಾಗೆ ಮಾಡಿದರೆ ನನ್ನ ಪದ್ಯ "ಅಯ್ಯೋ, ಮಂಚದ ಬೆಕ್ಕು" ಅಂತ ಮುಗಿಯುತ್ತಿತ್ತು. ಮಕ್ಕಳಿಗೆ ಅದು ಇಷ್ಟವಾಗುತ್ತದೆ, ಸುತ್ತು ಹೊಡೆದು ಮನೆಗೆ ಬಂದ ಹಾಗೆ. ಆದರೆ ಕೊನೆಯ ಪದ ಏನು ಅಂತ ಮುಂಚೆಯೇ ಗೊತ್ತಿದ್ದರೆ ನಗು ಅಲ್ಲಿ ಬರುವುದಿಲ್ಲ, ಮುಗುಳ್ನಗೆ ಬರುತ್ತದೆ. ಆಮೇಲೆ ಬಂದವರು ಐದನೇ ಸಾಲಿಗೆ ಹೊಸ ಪ್ರಾಸಪದ ತಂದರು, ಪದ್ಯ ಅಲ್ಲೇ ತಿರುಗುವ ಹಾಗೆ ಮಾಡಿದರು. ನನಗೆ ಈ ಎರಡನೆಯ ದಾರಿಯೇ ಹೆಚ್ಚು ಪ್ರೀತಿ. ವ್ಯತ್ಯಾಸ ಎಷ್ಟು ದೊಡ್ಡದು ಅಂತ ತೋರಿಸಲು ಇನ್ನೊಂದು ಪದ್ಯ, ಬೆಕ್ಕಿನಿಂದ ಸ್ವಲ್ಪ ಬಿಡುವು:

ಬೆಟ್ಟದ ಮೇಲಿನ ಕಲ್ಲು
ಕಲ್ಲಿನ ಪಕ್ಕದ ಹುಲ್ಲು
ಮುದಿ ಹಸು ಹತ್ತಿ
ನೋಡಿತು ಸುತ್ತಿ
ಮೇಯಿತು ಎಲ್ಲಾ ಹುಲ್ಲು

ಮಾತ್ರೆ ಸರಿ, ಪ್ರಾಸ ಸರಿ, ಪೆಟ್ಟು ಸರಿ. ಆದರೆ ಏನೂ ಆಗಲಿಲ್ಲ. ಹಸು ಹುಲ್ಲು ಮೇಯುವುದು ಸುದ್ದಿಯಲ್ಲ. ಮೊದಲ ನಾಲ್ಕು ಸಾಲು ಹಾಗೇ ಇರಲಿ, ಐದನೆಯದನ್ನು ಮಾತ್ರ ಬದಲಿಸೋಣ:

ಮರೆತಿದೆ ಮನೆಯಲಿ ಹಲ್ಲು!

ಈಗ ಹಿಂದಿನ ಸಾಲುಗಳೂ ಬದಲಾದವು. ನಾಲ್ಕನೇ ಸಾಲಿನಲ್ಲಿ ಹಸು ಸುತ್ತಿ ನೋಡಿದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ. ಮುದಿ ಅನ್ನುವ ಪದಕ್ಕೂ ಈಗ ಕೆಲಸ ಬಂತು. ಹಲ್ಲು ಮನೆಯಲ್ಲಿ ಬಿಟ್ಟು ಬರುವ ವಸ್ತುವಲ್ಲ, ಹಸುವಿಗಂತೂ ಅಲ್ಲವೇ ಅಲ್ಲ. ಆ ಅಸಂಬದ್ಧವನ್ನು ಹೊತ್ತ ಪದ ಸಾಲಿನ ಕಟ್ಟಕಡೆಯಲ್ಲಿದೆ, ಮೌನದ ಹಿಂದಿನ ಕೊನೆಯ ಪೆಟ್ಟಿನ ಮೇಲೆ. "ಹಲ್ಲನು ಮನೆಯಲಿ ಮರೆತು" ಅಂತ ತಿರುಗಿಸಿದ್ದರೆ ಗುಟ್ಟು ಮೊದಲ ಗಣದಲ್ಲೇ ಬಿಟ್ಟುಹೋಗಿ, ಉಳಿದ ಎರಡು ಗಣ ಸುಮ್ನೆ ನಡೆಯುತ್ತಿದ್ದವು. (ಪ್ರಾಸವೂ ತಪ್ಪುತ್ತಿತ್ತು, ಆದರೆ ಪ್ರಾಸ ಸರಿ ಇದ್ದಿದ್ದರೂ ನಗು ಬರುತ್ತಿರಲಿಲ್ಲ.) ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ರೂಢಿ. ಲಿಮರಿಕ್ಕಿನ ಐದನೇ ಸಾಲಿನಲ್ಲಿ ಅದನ್ನು ಮುಂದಕ್ಕೆ ತಂದು ನಾಮಪದವನ್ನು ಕೊನೆಗೆ ಇಟ್ಟರೆ ಆ ಪದ 'ಟಪ್' ಅಂತ ಬೀಳುತ್ತದೆ. ನಾವು ಮಾತಾಡುವಾಗಲೂ ಹಾಗೆ ಮಾಡುತ್ತೇವೆ ಅಲ್ವಾ? "ಬಂದ ನೋಡು ರಾಜ" ಅಂತ.

ಇದರಿಂದ ಬರೆಯುವ ಕ್ರಮವೇ ಬದಲಾಯಿತು. ನಾನೀಗ ಐದನೇ ಸಾಲಿನಿಂದ ಶುರು ಮಾಡುತ್ತೇನೆ. ಬೆಕ್ಕಿನ ಪದ್ಯಕ್ಕೂ ಹಾಗೇ ಮಾಡಿದೆ. "ಕ್ಕು" ಪಟ್ಟಿ ನೋಡುತ್ತಾ "ದಿಕ್ಕು" ಕಣ್ಣಿಗೆ ಬಿತ್ತು. ದಿಕ್ಕು ಅಂದರೆ "ದಿಕ್ಕು ತಪ್ಪಿತು" ಅನ್ನುವ ಮಾತು ನಾಲಿಗೆ ಮೇಲೇ ಇದೆ. ತಿರುಗಿಸಿದರೆ "ತಪ್ಪಿತು ದಿಕ್ಕು": ನಾಲ್ಕು, ಮೂರು. ಮೊದಲ ಗಣಕ್ಕೆ "ಬೆಕ್ಕಿಗೆ" ಇಟ್ಟೆ. ಸರಿಯಾಗಿತ್ತು, ಆದರೆ ಸಪ್ಪೆ. ಎರಡನೇ ಸಾಲಿನಲ್ಲಿ ಬೆಕ್ಕು ತನ್ನನ್ನು ಹುಲಿ ಅಂದುಕೊಂಡಿತ್ತಲ್ಲ! ನಾವೂ ಅದರ ಮಾತನ್ನು ನಂಬಿ ಹುಲಿ ಅಂತಲೇ ಕರೆದರೆ? "ಹುಲಿಗೇ". ಲಘು, ಲಘು, ಗುರು. ಇಂಗ್ಲಿಷಿನ ತತಧೀಂ ಇದೇ. ಇಲಿ, ಹುಲಿ ಎರಡೂ ಸೇರಿಕೊಂಡು ಒಳಗೊಳಗೇ ಇನ್ನೊಂದು ಪ್ರಾಸವೂ ಆಯಿತು. ಅದನ್ನು ನಾನು ಹುಡುಕಿರಲಿಲ್ಲ.

ಮಂಚದ ಕೆಳಗಿನ ಬೆಕ್ಕು
ಹುಲಿ ತಾನೆನ್ನುವ ಸೊಕ್ಕು
ಇಲಿಮರಿ ಬಂತು
"ಯಾರದು?" ಅಂತು
ಹುಲಿಗೇ ತಪ್ಪಿತು ದಿಕ್ಕು!

ಪೆಟ್ಟಿನ ಲೆಕ್ಕದಲ್ಲಿ ಇದನ್ನು ಹೀಗೆ ಬಿಡಿಸಬಹುದು. ಸೊನ್ನೆ ಇರುವ ಕಡೆ ಮಾತಿಲ್ಲ, ಚಪ್ಪಾಳೆ ಮಾತ್ರ:

ಮಂಚದ | ಕೆಳಗಿನ | ಬೆಕ್ಕು | ೦
ಹುಲಿ ತಾ | ನೆನ್ನುವ | ಸೊಕ್ಕು | ೦
ಇಲಿಮರಿ | ಬಂತು | ಯಾರದು? | ಅಂತು
ಹುಲಿಗೇ | ತಪ್ಪಿತು | ದಿಕ್ಕು | ೦

ಮೂರನೇ ಸಾಲಿಗೆ ಸೊನ್ನೆ ಇಲ್ಲದಿರುವುದನ್ನು ನೋಡಿ. ಎರಡು ಸಲ ನಿಂತು ನಿಂತು ಬಂದ ಪದ್ಯ ಅಲ್ಲಿ ನಿಲ್ಲದೆ ಓಡುತ್ತದೆ. ಓದುವಾಗ "ಅಂತು" ಆದ ಮೇಲೆ ನಾಟಕಕ್ಕೆ ಅಂತ ತಡೆಯುವ ಆಸೆಯಾಗುತ್ತದೆ, ನನಗೂ ಆಗಿತ್ತು. ತಡೆದರೆ ಕೆಡುತ್ತದೆ. ಅಲ್ಲಿ ನಿಂತರೆ ಕೇಳುವವರು ಮುಂದಿನದನ್ನು ಊಹಿಸಲು ಶುರು ಮಾಡುತ್ತಾರೆ. ಓಡಿಸಿಕೊಂಡು ಹೋಗಿ "ದಿಕ್ಕು" ಮೇಲೆ ನಿಲ್ಲಿಸಬೇಕು.

ಇಷ್ಟೆಲ್ಲ ಎಣಿಸಿದ ಮೇಲೂ ಬರೆದವರ ಕಿವಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ನುಂಗಬೇಕು ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದೆಯೇ ತಪ್ಪನ್ನು ಮುಚ್ಚಿ ಓದುತ್ತೇವೆ. ಅದಕ್ಕೆ ಪದ್ಯವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಏನೂ ಹೇಳದೆ, ಜೋರಾಗಿ ಓದಿ ಅಂತ ಕೇಳಬೇಕು. ಅವರು ಮೊದಲ ಸಲವೇ ಎಡವದೆ ಓದಿದರೆ ಲಯ ಪದಗಳಲ್ಲೇ ಇದೆ. ಎಲ್ಲಾದರೂ ಹಿಂದೆ ಹೋಗಿ ಮತ್ತೆ ಓದಿದರೆ, ತಪ್ಪು ಅವರದಲ್ಲ, ಆ ಗಣದ್ದು.

ಹಾಗಾಗಿ ಈ ಸಲ ನಾನು ಓದಲಿಲ್ಲ. ಐದು ಸಾಲು ಬರೆದು ಗೆಳತಿಗೆ ಮೆಸೇಜ್ ಕಳಿಸಿದೆ, ಆಮೇಲೆ ಫೋನ್ ಮಾಡಿ ಅವಳ ಬಾಯಿಂದಲೇ ಓದಿಸಿದೆ. "ಬೆಕ್ಕು" ಆದ ಮೇಲೆ ನಿಂತಳು. "ಸೊಕ್ಕು" ಆದ ಮೇಲೆ ನಿಂತಳು. "ಅಂತು" ಆದ ಮೇಲೆ ನಿಲ್ಲಲಿಲ್ಲ. "ದಿಕ್ಕು" ಅಂದು ಒಂದು ಪೆಟ್ಟಿನಷ್ಟು ಸುಮ್ಮನಿದ್ದು, ಆಮೇಲೆ ನಕ್ಕಳು. ಮುಗೀತಾ ಅಂತ ಕೇಳಲಿಲ್ಲ.

ನಾಲ್ಕು ದಿನ ಬಿಟ್ಟು ಅವಳೇ ಫೋನ್ ಮಾಡಿದ್ದಳು. ಅವಳ ಮಗಳು ಆ ಪದ್ಯವನ್ನು ಮನೆ ತುಂಬ ಹೇಳಿಕೊಂಡು ಓಡಾಡುತ್ತಿದ್ದಾಳಂತೆ. ಹಿಂದಿನಿಂದ ನನಗೂ ಕೇಳಿಸುತ್ತಿತ್ತು. ಆದರೆ ಬೆಕ್ಕು ಮಂಚದ ಕೆಳಗೆ ಇರಲಿಲ್ಲ. "ಮೇಜಿನ ಕೆಳಗಿನ ಬೆಕ್ಕು" ಅಂತ ಹೇಳುತ್ತಿದ್ದಳು. ಮೇಜಿನ: ಎರಡು, ಒಂದು, ಒಂದು.